ಡೋ ಎಂದರೆ ಯಾವಾಗಲೂ ಸ ಅಲ್ಲ

ಹಾಡಿನ ಟೀಚರಮ್ಮನಿಗೆ ಗಂಟಲು ಕೈಕೊಟ್ಟಿತ್ತು. ಒಬ್ಬರೇ ಕೂತು ನಾಲ್ಕು ಹಾಡು ಹಾಡಿದರೆ ಮರುದಿನ ಮಾತೇ ಹೊರಡುತ್ತಿರಲಿಲ್ಲ. ಹಾಗೆಂದು ಬಾಯಿ ಮುಚ್ಚಿ ಕೂರುವ ಜೀವವೂ ಅಲ್ಲ.

"ನಮ್ಮ ಕಾಯರ್‌ಗೆ ಬಾ ದೊಡ್ಡಮ್ಮ. ಎಲ್ಲರೂ ಒಟ್ಟಿಗೆ ಹಾಡೋದು, ನೀನು ಉಸಿರು ತಗೊಂಡ್ರೂ ಹಾಡು ನಿಲ್ಲಲ್ಲ" ಎಂದು ಎಳೆದುಕೊಂಡು ಹೋದವಳು ತಂಗಿಯ ಮಗಳು. ಅಲ್ಲಿ ಪಿಯಾನೋ ನುಡಿಸುವವಳು ಅವಳೇ.

ಅಲ್ಲಿ ಹಾಳೆಯ ತುಂಬ ಐದೈದು ಗೆರೆ, ಗೆರೆಗಳ ಮೇಲೂ ನಡುವೆಯೂ ಚುಕ್ಕಿ. ಅವುಗಳ ಹೆಸರು ಡೋ, ರೇ, ಮೀ, ಫಾ, ಸೋಲ್, ಲಾ, ಟೀ. ಟೀಚರಮ್ಮ ಡೋ ಎಂದರೆ ಸ ಎಂದು ಗಟ್ಟಿ ಮಾಡಿಕೊಂಡರು. ರೇ ಬಂದರೆ ರಿ, ಅದು ಸಲೀಸು. ಮೀ ನೋಡಿದಾಗಲೆಲ್ಲ ನಾಲಿಗೆ ಮ ಎನ್ನುತ್ತಿತ್ತು; ಅದು ಗ ಎಂದು ತಮ್ಮನ್ನೇ ಗದರಿಕೊಂಡರು. ಮೊದಲಿನ ಹಾಡುಗಳು ಹೇಗೋ ದಡ ಸೇರಿದವು.

ಮೂರನೆಯ ಹಾಡಿಗೆ ಪಿಯಾನೋ ಶ್ರುತಿ ಕೊಟ್ಟಿತು. ಟೀಚರಮ್ಮ ಅದನ್ನೇ ಸ ಎಂದು ಕಿವಿಯಲ್ಲಿ ಹಿಡಿದರು. ಹಾಳೆಯ ಮೊದಲ ಚುಕ್ಕಿ ಡೋ. ಧೈರ್ಯವಾಗಿ ಸ ಹಾಡಿದರು. ಉಳಿದವರೆಲ್ಲ ಅಲ್ಲಿಂದ ನಾಲ್ಕನೆಯ ಸ್ವರದಲ್ಲಿದ್ದರು.

ಹಾಡು ನಿಂತಿತು. ಸಾಲಿನವರು ತಿರುಗಿ ನೋಡಿದರು. ಎಷ್ಟೋ ಮಕ್ಕಳಿಗೆ ಶ್ರುತಿ ಕಲಿಸಿದವರು ಅಪಸ್ವರ ಹಾಡಿ ನಿಂತಿದ್ದರು. ಕಿವಿ ಬಿಸಿಯಾಯಿತು. ಬಿಡುವು ಸಿಕ್ಕಿದ್ದೇ ಚೀಲ ಹೆಗಲಿಗೇರಿಸಿದರು. "ಸಾಕು ಕಣೇ. ಈ ವಯಸ್ಸಲ್ಲಿ ಇದೆಲ್ಲ ಯಾರಿಗೆ ಬೇಕಿತ್ತು?"

"ಎರಡು ನಿಮಿಷ ಕೂರು ದೊಡ್ಡಮ್ಮ. ಹಾಡು ಕೊನೆಗೆ ಎಲ್ಲಿಗೆ ಬಂದು ಆರಾಮಾಗಿ ಕೂರುತ್ತೆ, ನೋಡಿ ಹೇಳು."

ಟೀಚರಮ್ಮ ಬೇಸರದಿಂದಲೇ ಕೊನೆಯ ಚುಕ್ಕಿಗೆ ಬೆರಳಿಟ್ಟರು. "ಸೋಲ್."

"ಅದೇ ಇಲ್ಲಿ ನಿನ್ನ ಸ. ನಮ್ಮ ಕಾಯರ್‌ನಲ್ಲಿ ಡೋ ಅಂದ್ರೆ ಪಿಯಾನೋದ ಒಂದೇ ಜಾಗ, ಅದು ಕದಲಲ್ಲ. ನಿನ್ನ ಸ ಶ್ರುತಿ ಎಲ್ಲಿದ್ರೆ ಅಲ್ಲಿಗೆ ಹೋಗುತ್ತೆ. ಮೊದಲಿನ ಹಾಡುಗಳಲ್ಲಿ ಎರಡೂ ಒಂದೇ ಜಾಗದಲ್ಲಿದ್ವು."

ಟೀಚರಮ್ಮ ಮೆಲ್ಲಗೆ ಲೆಕ್ಕ ಹಾಕಿದರು. ಸೋಲ್ ಸ, ಲಾ ರಿ, ಟೀ ಗ, ಡೋ ಮ. ಹಾಗಾದರೆ ರೇ? ಪ! "ಅಯ್ಯೋ, ರಿ ಅಂದ್ಕೊಂಡಿದ್ದು ಪ ಆಗಿ ಕೂತಿದೆಯಲ್ಲೇ!" ಮೀ ದ. ಫಾ ನಿ. ಅಲ್ಲಿ ತಡೆದರು. "ಇದು ಸರಿಹೋಗ್ತಿಲ್ಲ. ನಿ ಇನ್ನೂ ಒಂಚೂರು ಮೇಲಿರಬೇಕು."

"ಹಾಡಿನ ಆರಂಭದಲ್ಲಿ ಏಣಿಯಂಥ ಗುರುತಿದೆ ನೋಡು. ಅದಿದ್ರೆ ಈ ಹಾಡಲ್ಲಿ ಎಲ್ಲ ಫಾನೂ ಅರ್ಧ ಸ್ವರ ಮೇಲೆ."

"ಮೊದಲೇ ಬೊಗಳಬಾರದಿತ್ತೇ?"

ಇಬ್ಬರಿಗೂ ನಗು ಬಂತು. ಟೀಚರಮ್ಮನ ನಗು ಕೆಮ್ಮಿನಲ್ಲಿ ಮುಗಿಯಿತು.

ಮತ್ತೆ ಹಾಡಿದಾಗ ಡೋ ಕಂಡರು, ಮ ಎಂದುಕೊಂಡರು, ಎಲ್ಲರ ಜೊತೆ ಸೇರಿದರು. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ಟೀಚರಮ್ಮ ಬಾಯಿ ಮುಚ್ಚಿ, ಉಸಿರೆಳೆದುಕೊಂಡು, ಹಾಡಿನ ಮುಂದಿನ ಸಾಲಿಗೆ ಮತ್ತೆ ದನಿಗೂಡಿಸಿದರು. ಮನೆಗೆ ಹೋಗಿ ಮಲಗಿದರೆ ಸಾಕೆನಿಸುವಷ್ಟು ಸುಸ್ತಾಗಿತ್ತು. ಆದರೂ ನಾಲ್ಕನೆಯ ಹಾಡಿನ ಹಾಳೆ ಕೈಗೆ ಬಂದಾಗ ಕಣ್ಣು ಮೊದಲು ಹೋದದ್ದು ಕೊನೆಯ ಚುಕ್ಕಿಗೆ.