ಬಲಗಡೆಯ ಅರ್ಧ

ಒಂದೇ ಕುಸ್ತಿಯನ್ನು ಎರಡು ಚಾನೆಲ್ಲಿನಲ್ಲಿ ನೋಡುವ ಹುಚ್ಚು ನನ್ನ ಮಾವ ವೆಂಕಟಸುಬ್ಬಯ್ಯನವರಿಗಲ್ಲದೆ ಇನ್ಯಾರಿಗೆ ಬರಬೇಕು! ರಾಮಕೃಷ್ಣನಗರದ ನಮ್ಮ ಮನೆಯ ಟಿವಿಯನ್ನು ಎರಡು ಭಾಗ ಮಾಡಿ, ಎಡಕ್ಕೆ ಸೆಟ್‌ಟಾಪ್ ಬಾಕ್ಸಿನ ಲೋಕಲ್ ಚಾನೆಲ್, ಬಲಕ್ಕೆ ಇಂಟರ್ನೆಟ್ಟಿನಲ್ಲಿ ಬರುವ ಸುದ್ದಿ ಚಾನೆಲ್ಲಿನ ಲೈವ್ ಹಾಕಿಕೊಂಡಿದ್ದರು. ಶಬ್ದ ಒಂದು ಕಡೆಯದು ಮಾತ್ರ ಬರುತ್ತದೆ, ಬಲಗಡೆಯದನ್ನು ಇಟ್ಟುಕೊಂಡಿದ್ದರು. ನನ್ನ ಗಂಡ ವಿಶ್ರುತ್ ಮೈದಾನಕ್ಕೇ ಹೋಗಿದ್ದರು.

ಇದ್ದಕ್ಕಿದ್ದಂತೆ ಎಡಗಡೆ ಮರದ ಗ್ಯಾಲರಿ ಕುಸಿಯಿತು. ಸದ್ದೇ ಇಲ್ಲದೆ ಜನ ಒಬ್ಬರ ಮೇಲೊಬ್ಬರು ಬಿದ್ದರು, ಧೂಳೆದ್ದಿತು. ಬಲಗಡೆ ಇನ್ನೂ ತಮಟೆ, ಶಿಳ್ಳೆ. ಗ್ಯಾಲರಿಯ ಮೇಲಿನ ಸಾಲಿನಲ್ಲಿ ಹಳದಿ ಶರ್ಟಿನ ವಿಶ್ರುತ್ ಕೈ ಬೀಸುತ್ತಿದ್ದರು.

“ಬಿದ್ದಿದ್ದು ಬೇರೆ ಗ್ಯಾಲರಿ ಕಣಮ್ಮ,” ಮಾವ ಎದೆ ನೀವಿಕೊಂಡರು. “ನೋಡು, ಇವನು ಆರಾಮಾಗಿ ಕೂತಿದ್ದಾನೆ.”

ನಾನು ಎರಡೂ ಕಡೆಯನ್ನು ಹೋಲಿಸಿ ನೋಡಿದೆ. ಎರಡು ಕಡೆಯೂ ಅದೇ ಬ್ಯಾನರ್, ಅದೇ ನೀಲಿ ಕಂಬ. ಹಿಂದಿನ ಕುಸ್ತಿಯಲ್ಲಿ ಎಡಗಡೆ ಚಿತ್ ಆದ ಪೈಲ್ವಾನ, ಬಲಗಡೆ ಚಿತ್ ಆಗಿದ್ದು ಅರ್ಧ ನಿಮಿಷ ಕಳೆದ ಮೇಲೆ.

“ಮಾವ, ಇಂಟರ್ನೆಟ್ಟಿಂದು ತಡವಾಗಿ ಬರುತ್ತೆ. ಇದು ಬೀಳೋಕೆ ಮುಂಚಿನದು!”

ವಿಶ್ರುತ್‌ಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು.

ಮಾವ ಎದ್ದು ಹೋಗಿ ಟಿವಿಯ ಬಲಗಡೆಗೆ ಅಂಗೈ ಒತ್ತಿ, “ಇಳಿಯೋ ಮಗನೇ, ಇಳಿದ್ಬಿಡೋ!” ಎಂದು ಕಿರುಚಿದರು.

ವಿಶ್ರುತ್ ನಗುತ್ತಾ ಎದ್ದು ನಿಂತರು. ಆಗತಾನೇ ಮೇಲೆ ಹತ್ತಿ ಬಂದ ಮುದುಕರೊಬ್ಬರಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಮತ್ತೆ ಕೂತರು.