ಮಣ್ಣಿಗೆ ತಾಗಿದ ಮಗ್ಗುಲು

ಹಾಲಸಿದ್ದಪ್ಪನಿಗೆ ಲಕ್ವಾ ಹೊಡೆದದ್ದು ಗೇರುಹಣ್ಣು ಉದುರಲು ಶುರುವಾದ ಎಂಟನೆಯ ದಿನ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಹದಿನೈದು ದಿನ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿದ್ದು ಮೇಡ್ಲೇರಿಯ ಮನೆಗೆ ಬಂದ.

ನಾಗರತ್ನಾ ಅವನನ್ನು ನೋಡಲು ಬಂದಾಗ ಅವಳ ಮನಸ್ಸಿನಲ್ಲಿ ಅಳುಕಿತ್ತು. ಅವಳು ರಾಣೆಬೆನ್ನೂರಿನಲ್ಲಿ ಗೇರುಹಣ್ಣಿನ ಶರಬತ್ತು ಮಾಡುವ ಒಂದು ಸಣ್ಣ ಘಟಕದಲ್ಲಿ ಕೆಲಸಕ್ಕಿದ್ದಳು. ಉದುರಿದ ಹಣ್ಣಿನ ಫೋಟೋ ತೆಗೆದರೆ ಅದು ಒಳ್ಳೆಯದೋ, ಕೆಟ್ಟದ್ದೋ, ಬಲಿಯದ್ದೋ ಎಂದು ಫೋನೇ ಹೇಳುವಂತೆ ಮಾಡುವುದು ಘಟಕದವರ ಆಸೆ. ಫೋನಿಗೆ ಅದನ್ನು ಕಲಿಸಲು ನೂರಾರು ಫೋಟೋಗಳಿಗೆ ಒಂದೊಂದಾಗಿ ಗುರುತು ಹಾಕಬೇಕಿತ್ತು. ಮೊದಲ ವಾರ ಹಾಲಸಿದ್ದಪ್ಪ ತನ್ನ ಗಿಡಗಳ ಕೆಳಗೆ ಕೂತು ಒಂದೊಂದೇ ಹಣ್ಣು ಕೈಗೆತ್ತಿಕೊಂಡು ಹೇಳಿದ್ದ, ಅವಳು ಫೋಟೋ ತೆಗೆದು ಗುರುತು ಬರೆದಿದ್ದಳು. ಅವನು ಬಿದ್ದ ಮೇಲೆ ಒಬ್ಬಳೇ ನಾನೂರು ಫೋಟೋ ಮುಗಿಸಿದ್ದಳು. ಅವು ಸರಿಯೋ ತಪ್ಪೋ ಎಂದು ಅವನಿಂದಲೇ ತಿಳಿಯಬೇಕಿತ್ತು.

"ಅಜ್ಜಾರ, ಒಂದೀಟು ನೋಡ್ರಿ. ಹೌದಂದ್ರ ಒಂದ್ ಸಲ ನನ್ನ ಕೈ ಒತ್ರಿ, ಅಲ್ಲಂದ್ರ ಎರಡ್ ಸಲ."

ಹೆಂಡತಿ ಪ್ರೇಮವ್ವ ಅವನ ತಲೆಯ ಕೆಳಗೆ ದಿಂಬು ಏರಿಸಿದಳು. ಫೋನಿನಲ್ಲಿ ಮೊದಲು ಬಂದದ್ದು ಗಾಳಿಗೆ ಉದುರಿದ ಸಣ್ಣ ಹಣ್ಣು. ಅದರ ತುದಿಯ ಬೀಜ ಇನ್ನೂ ಹಸಿರು. ಬಲಿತ ಬೀಜ ಬೂದಿಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ, ಹಸಿರಿದ್ದರೆ ತಿರುಳು ತುಂಬಿರುವುದಿಲ್ಲ, ನೀರಿಗೆ ಹಾಕಿದರೆ ತೇಲುತ್ತದೆ ಎಂದು ಕಲಿಸಿದವನೂ ಅವನೇ. ಬಲಿಯದ್ದು ಎಂಬ ಅವಳ ಗುರುತಿಗೆ ಎಡಗೈ ಒಮ್ಮೆ ಒತ್ತಿತು. ಅಂಥ ಎಂಟು ಹತ್ತು ಫೋಟೋಗಳೂ ಸರಿಯಾಗಿಯೇ ದಾಟಿದವು.

ಆಮೇಲೆ ಅವಳು ಒಳ್ಳೆಯದು ಎಂದು ಗುರುತು ಹಾಕಿದ ಒಂದು ಹಣ್ಣು ಬಂತು. ತುಂಬಿದ ಮೈ, ಹೊಳೆಯುವ ಕೆಂಪು, ಬೂದು ಬೀಜ. ಹಾಲಸಿದ್ದಪ್ಪ ಕೈ ಒತ್ತಲಿಲ್ಲ. ಅಂಗೈಯನ್ನು ಹಾಸಿಗೆಯ ಮೇಲೆ ಕವುಚಿದ, ಮತ್ತೆ ಮೇಲಕ್ಕೆ ಹೊರಳಿಸಿದ. ಮುಂದಿನ ಹಣ್ಣಿಗೂ ಹಾಗೆಯೇ ಮಾಡಿದ.

"ಮಗ್ಗಲ ಬದಲಿ ಮಾಡು ಅಂತಾರ ನೋಡ," ಎಂದು ಪ್ರೇಮವ್ವ ಅವನನ್ನು ಗೋಡೆಯ ಕಡೆ ಹೊರಳಿಸಿದಳು. ಅವನ ಗಂಟಲಿನಿಂದ ಒಂದು ಒರಟು ದನಿ ಬಂತು. ನೀರು ಕುಡಿಸಲು ಹೋದರೆ ತುಟಿ ಬಿಗಿದ. ಕೊನೆಗೆ ಎಡಗೈಯಲ್ಲಿ ಫೋನು ಕಿತ್ತುಕೊಂಡು ಅದನ್ನು ಕೌದಿಯ ಮೇಲೆ ಬೋರಲು ಹಾಕಿ, ಅದರ ಬೆನ್ನನ್ನು ಬೆರಳಿನಿಂದ ಬಡಿದ. ಕಣ್ಣಿನ ತುದಿಯಿಂದ ನೀರು ಇಳಿಯಿತು.

"ಸಾಕಾಗೇತಿ ಅವರಿಗೆ. ಇನ್ನೊಂದಿನ ಬರ್ರಿ, ಯವ್ವಾ."

ನಾಗರತ್ನಾ ಹೊರಟಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ತೋಟದ ಕಡೆ ಹೋದಳು. ಎರಡು ದಿನದ ಹಿಂದೆ ಅಕಾಲದ ಮಳೆ ಬಿದ್ದು ನೆಲ ಇನ್ನೂ ಹಸಿಯಾಗಿತ್ತು. ಎಂದಿನಂತೆ ನಿಂತಲ್ಲಿಂದಲೇ ಫೋನು ಹಿಡಿದಾಗ, ಆ ಬಡಿದ ಬೆರಳು ನೆನಪಾಯಿತು. ಕೂತು, ಮುಂದಿದ್ದ ಚೆಂದದ ಹಣ್ಣನ್ನು ಮಗುಚಿದಳು. ಮಣ್ಣಿಗೆ ತಾಗಿದ ಮಗ್ಗುಲು ಕಂದಿ ನೀರು ಒಸರುತ್ತಿತ್ತು, ಹುಳಿ ಹೆಂಡದ ವಾಸನೆ ಬಂತು. ಮತ್ತೊಂದಕ್ಕೆ ಬೂಷ್ಟು. ಇನ್ನೊಂದಕ್ಕೆ ಬೀಜ ಅಂಟಿದ ಕಡೆ ಸೂಜಿಮೊನೆಯಷ್ಟು ತೂತು, ಆ ತೂತಿನ ಬಾಯಲ್ಲಿ ಹುಳದ ಹಿಕ್ಕೆ. ಇಪ್ಪತ್ತು ಹಣ್ಣು ಮಗುಚಿದಳು. ಒಂಬತ್ತು ಕೆಟ್ಟಿದ್ದವು, ಮೇಲಿನಿಂದ ಒಂದೂ ಹಾಗೆ ಕಂಡಿರಲಿಲ್ಲ.

ಅಲ್ಲಿಂದಲೇ ಘಟಕದ ಯಜಮಾನ ರುದ್ರಮುನಿಗೆ ಫೋನು ಮಾಡಿದಳು.

"ಸರ್, ಅಜ್ಜಾರು ಬಿದ್ದ ಮ್ಯಾಲೆ ಒಳ್ಳೇದು ಅಂತ ನಾ ಗುರುತು ಹಾಕಿದ ಫೋಟೋ ಅಷ್ಟೂ ತಗದು ಹಾಕಬೇಕ್ರಿ. ಇನ್ನೂರಾ ನಲವತ್ತು ಅದಾವು. ಎಲ್ಲಾ ಮ್ಯಾಲಿಂದ ಅಷ್ಟ ತಗದೇನಿ."

"ಹಂಗಾಮ ಮುಗಿಯಾಕ ಬಂದೈತಿ, ನಾಗರತ್ನಾ ಅವ್ರ."

"ಇನ್ನ ಮೂರು ವಾರ ಐತ್ರಿ. ಹುಳಿತ ಹಣ್ಣನ್ನ ಫೋನ್ ಚೊಲೋ ಐತಿ ಅಂದ್ರ ಮಂದಿ ಅದನ್ನ ತಂದು ಹಾಕ್ತಾರ. ಒಂದೀಟು ಕೆಟ್ಟದ್ದು ಸೇರಿದ್ರ ಹಂಡೇದ ರಸಾ ಪೂರಾ ಹೋಗ್ತೈತಿ. ತಪ್ಪು ನಂದ್ರಿ."

ರುದ್ರಮುನಿ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಅವಳು ಬಸ್ಸು ಬಿಟ್ಟು ಮತ್ತೆ ಮನೆಗೆ ಬಂದಳು. ಕೊಳೆತ ಹಣ್ಣನ್ನು ಅಂಗೈ ಮೇಲಿಟ್ಟು ಮಗುಚಿ ತೋರಿಸಿದಾಗ ಹಾಲಸಿದ್ದಪ್ಪ ಅವಳ ಮಣಿಕಟ್ಟನ್ನು ಹಿಡಿದು ಒಮ್ಮೆ ಒತ್ತಿದ. ಬಹಳ ಹೊತ್ತು ಬಿಡಲಿಲ್ಲ. ಪ್ರೇಮವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಆಮೇಲಿನ ದಿನಗಳಲ್ಲಿ ಪ್ರತಿ ಹಣ್ಣಿಗೂ ಮೇಲಿನದೊಂದು, ಕೆಳಗಿನದೊಂದು, ಬೀಜದ ಬುಡದ್ದೊಂದು ಫೋಟೋ. ಸಂಜೆ ಅವನ ಮುಂದೆ ಹಿಡಿಯುತ್ತಿದ್ದಳು, ಅವನು ಒತ್ತುತ್ತಿದ್ದ. ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಹಣ್ಣು ಮುಗಿಯುವ ವಾರದಲ್ಲಿ ಅವನಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು, ಏಳಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಪ್ರೇಮವ್ವ ನಾಗರತ್ನಾಳನ್ನು ಹತ್ತಿರ ಕೂರಿಸಿಕೊಂಡಳು. "ಮೊದಲ ವಾರ ತಗದ ಫೋಟೋ ಅದಾವೇನ, ಯವ್ವಾ?"

ನಾಗರತ್ನಾ ಫೋನು ತೆರೆದು ಕೊಟ್ಟಳು. ಅವುಗಳಲ್ಲಿ ಅವನ ಮುಖ ಎಲ್ಲೂ ಇರಲಿಲ್ಲ. ಹಣ್ಣು ಹಿಡಿದ ಕೈ ಇತ್ತು, ಬೀಜದ ಎಣ್ಣೆ ತಾಗಿ ಕಪ್ಪಾದ ಉಗುರುಗಳಿದ್ದವು. ಪ್ರೇಮವ್ವ ಒಂದೊಂದೇ ನೋಡುತ್ತ ಹೋದಳು. ನಡುವೆ ಒಮ್ಮೆ ಮಾತ್ರ, ಈ ಬೆರಳಿನ ಗಾಯ ಯಾವಾಗ ಆಗಿತ್ತೋ ತನಗೆ ಗೊತ್ತೇ ಇರಲಿಲ್ಲ ಎಂದಳು.