ಕೆ ಅಂದರೆ ಕೆ

ಹನ್ನೊಂದು ಗಂಟೆಗೆ ಲೆಕ್ಕ ನೋಡಲು ಪೆನ್ಸಿಲ್ ಬರುವವನಿದ್ದ. ಎಂಟೂವರೆಗೆ ಆ ಅಕ್ಷರ ಅವಳ ಕಣ್ಣಿಗೆ ಬಿತ್ತು.

ಕ್ರೇನಿನ ದಿನಚರಿ ಪುಸ್ತಕವನ್ನು ಕಂಪನಿಯ ಲೆಕ್ಕ ಬರೆಯುವ ಅವಳು ತಿಂಗಳುಗಟ್ಟಲೆ ತಿರುವಿ ಹಾಕಿದ್ದಳು. ಕೆಲಸ ಮಾಡಿದ ದಿನ ಆಪರೇಟರ್ ಗಂಟೆಗಳನ್ನು ಬರೆಯುತ್ತಿದ್ದ. ಸುಮ್ಮನೆ ನಿಂತ ದಿನ ಒಂದೇ ಅಕ್ಷರ: ಕೆ. ಕೆಲಸವಿಲ್ಲ ಎಂದು ಅವಳು ಓದಿಕೊಂಡಿದ್ದಳು. ಅರವತ್ತೊಂದು ಕೆಗಳನ್ನು ಎಣಿಸಿ, ಅರವತ್ತೊಂದು ದಿನ ಕ್ರೇನ್ ನಮ್ಮ ತಪ್ಪಿಲ್ಲದೆ ನಿಂತಿತ್ತು ಎಂದು ಕಟ್ಟಡದ ಮಾಲೀಕರಿಂದ ಪರಿಹಾರ ಕೇಳುವ ಕ್ಲೇಮಿನಲ್ಲಿ ಬರೆದು, ಕೊನೆಯ ಹಾಳೆಯಲ್ಲಿ 'ಇದೆಲ್ಲ ನಿಜ' ಎಂದು ಸಹಿ ಹಾಕಿದ್ದಳು.

ಇವತ್ತು ಮೂಲ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸುವಾಗ ಒಂದು ಕೆಯ ಪಕ್ಕ ಕಪ್ಪು ಗ್ರೀಸಿನ ಹೆಬ್ಬೆಟ್ಟಿನ ಗುರುತು ಕಂಡಿತು. ಕೆಲಸವಿಲ್ಲದವನ ಕೈಗೆ ಗ್ರೀಸ್ ಯಾಕೆ ಹತ್ತಬೇಕು?

ಕೆಟ್ಟಿದೆ ಎಂಬುದೂ ಕೆಯಿಂದಲೇ ಶುರುವಾಗುತ್ತದೆ.

ತಗಡಿನ ಸೈಟ್ ಆಫೀಸಿನೊಳಗೆ ಸೆಕೆ ಆಗಲೇ ಏರುತ್ತಿತ್ತು, ಅವಳ ಬೆರಳುಗಳು ಮಾತ್ರ ತಣ್ಣಗಾಗಿದ್ದವು. ಅವಳು ಆಪರೇಟರಿಗೆ ಫೋನ್ ಮಾಡಿದಳು.

"ಕೆ ಅಂದ್ರೆ ಏನಣ್ಣಾ?"

"ಕೆ ಅಂದ್ರೆ ಕೆ ಕಣಮ್ಮಾ."

"ಕೆಲಸ ಇಲ್ಲ ಅಂತಾನಾ, ಕೆಟ್ಟಿದೆ ಅಂತಾನಾ?"

ಆ ಕಡೆ ಅವನು ಯೋಚಿಸಿದ. "ಎರಡೂ. ಎರಡು ದಿನಾನೂ ನಾನು ಮಾಡ್ತಿದ್ದದ್ದು ಒಂದೇ ತಾನೇ? ನೆರಳಲ್ಲಿ ಕೂತಿರ್ತಿದ್ದೆ."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. "ಯಾವ ದಿನ ಯಾವುದು ಅಂತ ನೆನಪಿದೆಯಾ?"

"ಒಂದೂವರೆ ವರ್ಷ ಆಯ್ತಲ್ಲಮ್ಮಾ. ಆದ್ರೆ ಕೆಲಸ ಇಲ್ದಿದ್ರೂ ಬೆಳಿಗ್ಗೆ ಎಂಜಿನ್ ಅರ್ಧ ಗಂಟೆ ತಿರುಗಿಸ್ತಿದ್ದೆ, ಬ್ಯಾಟರಿ ಸಾಯಬಾರ್ದು ಅಂತ. ಕೆಟ್ಟ ದಿನ ಹೇಗೆ ತಿರುಗಿಸ್ಲಿ?"

ತಿರುಗಿಸಿದರೆ ಡೀಸೆಲ್ ಬೇಕು. ಈ ಸೈಟಿನಲ್ಲಿ ಡೀಸೆಲನ್ನು ಮುಂಗಡ ತುಂಬಿಸಿಡುವ ಪದ್ಧತಿ ಇರಲಿಲ್ಲ. ಕಳುವಾಗುತ್ತದೆಂದು ಸ್ಟೋರಿನವನು ಅಂದಂದಿನ ಲೆಕ್ಕ ಅಂದೇ ಅಳೆದು ಕೊಡುತ್ತಿದ್ದ. ಅವಳು ಡೀಸೆಲ್ ಪುಸ್ತಕ ಎಳೆದುಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಇಳಿದಳು. ಐದು ಲೀಟರ್, ಐದು ಲೀಟರ್, ಐದು ಲೀಟರ್. ಆಮೇಲೆ ಒಂಬತ್ತು ದಿನ ಏನೂ ಇಲ್ಲ. ಒಂಬತ್ತನೆಯ ದಿನದ ವೋಚರ್ ಫೈಲಿನಲ್ಲಿ ಹೈಡ್ರಾಲಿಕ್ ಪಂಪಿನ ಸೀಲ್ ಕೊಂಡ ರಸೀದಿ.

ಐವತ್ತೆರಡು ದಿನ ಯಂತ್ರ ಕೆಲಸಕ್ಕಾಗಿ ಕಾದಿತ್ತು. ಒಂಬತ್ತು ದಿನ ಕೆಟ್ಟು ಬಿದ್ದಿತ್ತು. ಹೊರಗಿನಿಂದ ಎರಡೂ ಮೌನ ಒಂದೇ ಥರ. ಅವಳು ಆ ವ್ಯತ್ಯಾಸವನ್ನು ಕೇಳಿಸಿಕೊಳ್ಳದೆ ಸಹಿ ಹಾಕಿದ್ದಳು.

ಪೆನ್ಸಿಲ್ ಎಂದರೆ ಕಟ್ಟಡದ ಮಾಲೀಕರ ಕಡೆಯ ಲೆಕ್ಕ ಪರಿಶೀಲಕ. ಸರಿಯಿದ್ದದ್ದರ ಪಕ್ಕ ಪೆನ್ಸಿಲಿನಿಂದ ಸಣ್ಣ ಗುರುತು ಹಾಕುತ್ತಾನೆ, ಹೆಚ್ಚು ಮಾತಾಡುವುದಿಲ್ಲ. ಹೋದ ವರ್ಷ ಇನ್ನೊಬ್ಬ ಕಂಟ್ರಾಕ್ಟರನ ಕ್ಲೇಮಿನಲ್ಲಿ ಇಲ್ಲದ ಒಬ್ಬ ಕಾವಲುಗಾರನ ಸಂಬಳ ಸಿಕ್ಕಿತ್ತು. ಅಲ್ಲಿಗೇ ಅವನು ಕೈಯ ಪೆನ್ಸಿಲ್ ಕೆಳಗಿಟ್ಟು, ಉಳಿದ ಯಾವ ಲೆಕ್ಕವನ್ನೂ ನಂಬಲಾಗದು ಎಂದು ವರದಿ ಬರೆದಿದ್ದ. ಆ ಕಂಪನಿ ಈಗಿಲ್ಲ.

ಈ ಕಂಪನಿ ಅವಳ ಸೋದರಮಾವನದು. ಅಡಿಪಾಯದ ನಕ್ಷೆಗಳನ್ನು ಮಾಲೀಕರು ನೂರಹನ್ನೆರಡು ದಿನ ತಡವಾಗಿ ಕೊಟ್ಟಿದ್ದರು. ಗಡುವನ್ನೇನೋ ಅಷ್ಟು ದಿನ ಮುಂದಕ್ಕೆ ಹಾಕಿಕೊಟ್ಟರು, ಆದರೆ ಆ ದಿನಗಳ ಖರ್ಚು ಮಾವನ ಮೈಮೇಲೆಯೇ ಬಿದ್ದಿತ್ತು. ಸಾಲ ತೀರಿಸಲು ಬ್ಯಾಂಕಿನವರು ಕೊಟ್ಟ ಗಡುವು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕ್ಲೇಮ್ ಬಿದ್ದುಹೋದರೆ ಯಂತ್ರಗಳೂ ಹೋಗುತ್ತವೆ, ನಲವತ್ತು ಜನರ ಕೆಲಸವೂ.

ಮಾವ ಒಂಬತ್ತೂವರೆಗೆ ಬಂದ. ಅವಳ ಮುಖ ನೋಡಿದವನೇ ಹೆಲ್ಮೆಟ್ ತೆಗೆದು ಕೂತ.

"ಏನೇ, ದೆವ್ವ ನೋಡ್ದವಳ ಹಾಗೆ?"

ಅವಳು ಹೇಳಿದಳು. ಅವನು ಎರಡು ಪುಸ್ತಕಗಳನ್ನೂ ನೋಡಿದ.

"ಡೀಸೆಲ್ ಪುಸ್ತಕ ಆ ಪೆನ್ಸಿಲ್ ಕೇಳಿದ್ದಾನಾ?"

"ಇಲ್ಲ. ಕ್ರೇನ್ ನಮ್ಮದೇ ಅಲ್ವಾ ಮಾವಾ, ನಿಂತ ದಿನಕ್ಕೆ ಸವಕಳಿ, ವಿಮೆ ಅಷ್ಟೇ ಹಾಕಿದೀವಿ. ಇಂಧನ ಕ್ಲೇಮಲ್ಲೇ ಇಲ್ಲ."

"ಮತ್ತೆ? ಕೇಳ್ದೇ ಇರೋದನ್ನ ತಟ್ಟೇಲಿಟ್ಟು ಕೊಡ್ತೀಯಾ?"

"ಕೆಟ್ಟ ಯಂತ್ರ ನಕ್ಷೆ ಬಂದಿದ್ರೂ ಕೆಲಸ ಮಾಡ್ತಿರ್ಲಿಲ್ಲ. ಆ ಒಂಬತ್ತು ದಿನ ಕೇಳೋ ಹಕ್ಕು ನಮಗಿಲ್ಲ."

"ಒಂಬತ್ತೇ ದಿನ ಕಣೇ."

"ಆ ಕಾವಲುಗಾರನೂ ಒಬ್ಬನೇ ಮಾವಾ."

ಅವನ ಎಡಗಾಲು ಮೇಜಿನ ಕೆಳಗೆ ನಡುಗುತ್ತಿದ್ದುದನ್ನು ಅವಳು ಆಗ ಕಂಡಳು. ಚಿಕ್ಕಂದಿನಿಂದ ಅವಳು ಈ ಮನುಷ್ಯ ಹೆದರಿದ್ದನ್ನು ನೋಡಿರಲಿಲ್ಲ. ಅವನಿಗೆ ಭಯವಾಗಿದೆ ಎಂಬುದೇ ಅವಳ ಭಯವನ್ನು ಎರಡು ಪಟ್ಟು ಮಾಡಿತು.

ಅವಳು ಕ್ರೇನಿನ ಪಟ್ಟಿಯಲ್ಲಿ ಅರವತ್ತೊಂದನ್ನು ಹೊಡೆದುಹಾಕಿ ಐವತ್ತೆರಡು ಬರೆದಳು, ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಿದಳು. ಕಾರಣ ಬರೆದ ಹಾಳೆಯೊಂದನ್ನು ಪ್ರಿಂಟರಿನಿಂದ ತರಲು ಪಕ್ಕದ ಕೋಣೆಗೆ ಹೋದಳು. ವಾಪಸು ಬಂದಾಗ ಮಾವ ಇರಲಿಲ್ಲ. ಡೀಸೆಲ್ ಪುಸ್ತಕವೂ ಇರಲಿಲ್ಲ.

ಮೇಜಿನ ಕೆಳಗೆ, ಕಪಾಟಿನ ಹಿಂದೆ, ಫೈಲುಗಳ ನಡುವೆ ಹುಡುಕಿದಳು. ಮಾವನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಕಿಟಕಿಯಾಚೆ ಯಾರೋ ಹಳೆಯ ಸಿಮೆಂಟ್ ಚೀಲಗಳಿಗೆ ಬೆಂಕಿ ಹಾಕಿದ್ದರು. ಅದರಲ್ಲಿ ಪುಸ್ತಕವೂ ಇದೆಯೇ ಎಂದು ಅವಳು ಕಿಟಕಿಗೆ ಹಣೆ ಒತ್ತಿ ನೋಡಿದಳು. ಆ ಪುಸ್ತಕ ಇಲ್ಲದಿದ್ದರೆ ಒಂಬತ್ತು ದಿನವಷ್ಟೇ ಅಲ್ಲ, ಐವತ್ತೆರಡನ್ನೂ ನಿಜವೆಂದು ತೋರಿಸಲು ಏನೂ ಉಳಿಯುವುದಿಲ್ಲ. ಇದು ಮಾವನಿಗೆ ಹೊಳೆದಿರಲಿಕ್ಕಿಲ್ಲ.

ಪೆನ್ಸಿಲ್ ಸರಿಯಾಗಿ ಹನ್ನೊಂದಕ್ಕೆ ಬಂದ. ನೀರು ಬೇಡವೆಂದ. ಸೈಟಿನ ಖರ್ಚುಗಳಿಂದ ಶುರುಮಾಡಿದ: ಆಫೀಸ್ ಬಾಡಿಗೆ, ಎಂಜಿನಿಯರುಗಳ ಸಂಬಳ, ವಿದ್ಯುತ್ ಬಿಲ್ಲು.

"ಇದು ಯಾವ ತಿಂಗಳುಗಳದ್ದು?"

"ನಕ್ಷೆಗೆ ಕಾದ ತಿಂಗಳುಗಳದ್ದೇ ಸಾರ್. ಕಾಮಗಾರಿಯ ಕೊನೆಯಲ್ಲಿ ಹೆಚ್ಚಾದ ದಿನಗಳದ್ದಲ್ಲ. ತಡ ಆಗಿದ್ದು ಆಗಲೇ, ಖರ್ಚೂ ಆಗಲೇ."

ಗುರುತು ಬಿತ್ತು. ಬಾಡಿಗೆಗೆ ತಂದ ನೀರಿನ ಪಂಪುಗಳ ರಸೀದಿ, ಗುರುತು. ಆಮೇಲೆ ಕ್ರೇನಿನ ಪುಸ್ತಕ. ಬೆರಳು ಇಳಿಯುತ್ತ ಬಂದು ಗ್ರೀಸಿನ ಕಲೆಯ ಮೇಲೆ ನಿಂತಿತು.

"ಕೆ?"

ಅವಳು ತಿದ್ದಿದ ಪಟ್ಟಿಯನ್ನು ಅವನ ಮುಂದಿಟ್ಟಳು. "ಎರಡು ಅರ್ಥ ಇದೆ ಸಾರ್. ಕೆಲಸವಿಲ್ಲ, ಕೆಟ್ಟಿದೆ. ನಾನು ಎಲ್ಲವನ್ನೂ ಒಂದೇ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಕೆಟ್ಟ ಒಂಬತ್ತು ದಿನ ತೆಗೆದಿದ್ದೀನಿ."

"ಒಂಬತ್ತೇ ಅನ್ನೋದಕ್ಕೆ ಆಧಾರ?"

"ಡೀಸೆಲ್ ಪುಸ್ತಕ."

"ಎಲ್ಲಿ?"

ಅವನು ಕೆಳಗಿಡುತ್ತಿದ್ದ ಪೆನ್ಸಿಲ್ ಮೇಜನ್ನು ಮುಟ್ಟಲು ಇನ್ನೊಂದು ಇಂಚು ಇತ್ತು. ತಗಡು ಬಿಸಿಲಿಗೆ ಟಕ್ಕೆಂದಿತು.

ಬಾಗಿಲು ತೆರೆಯಿತು. ಮಾವ ನಿಂತಿದ್ದ. ಅಂಗಿಯೊಳಗಿನಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ರಟ್ಟು ಬೆವರಿಗೆ ಮೆತ್ತಗಾಗಿತ್ತು. ಅವಳ ಕಡೆ ನೋಡಲಿಲ್ಲ.

"ನನ್ನ ಹತ್ರ ಇತ್ತು," ಎಂದ. ಆಮೇಲೆ, ಯಾರೂ ಕೇಳದಿದ್ದರೂ, "ಬೆಂಕಿ ತನಕ ಹೋಗಿದ್ದೆ," ಎಂದ.

ಪೆನ್ಸಿಲ್ ತಲೆಯೆತ್ತಿ ಅವನನ್ನು ನೋಡಿದ. ಅವನು ತನ್ನ ಚೀಲದಿಂದ ಒಂದು ಹಾಳೆ ತೆಗೆದ. ಗೇಟಿನ ರಿಜಿಸ್ಟರಿನ ನಕಲು. ಅದರಲ್ಲಿ ಮೆಕ್ಯಾನಿಕ್ ಒಳಗೆ ಬಂದ ತಾರೀಖುಗಳು ಇದ್ದವು, ಎಲ್ಲವೂ ಆ ಒಂಬತ್ತು ದಿನಗಳೊಳಗೆ. ಡೀಸೆಲ್ ಪುಸ್ತಕದ ಪಕ್ಕ ಹಾಳೆಯಿಟ್ಟು ಒಂದೊಂದಾಗಿ ಹೋಲಿಸಿದ.

ಐವತ್ತೆರಡರ ಪಕ್ಕ ಗುರುತು ಬಿತ್ತು.

ಅವಳು ಇನ್ನೂ ನಿಂತೇ ಇದ್ದಳು. ಮಾವ ಅವಳ ಹಿಂದೆ ಕುರ್ಚಿ ತಳ್ಳಿದ.

"ಹೆಡ್ ಆಫೀಸ್ ಖರ್ಚು," ಎಂದ ಪೆನ್ಸಿಲ್, ಹಾಳೆ ಮಗುಚುತ್ತ. "ವರ್ಷದ ಖರ್ಚಲ್ಲಿ ಈ ಕಾಮಗಾರಿಯ ಪಾಲು, ದಿನದ ಲೆಕ್ಕ, ನೂರಹನ್ನೆರಡು ದಿನ. ಆಡಿಟ್ ಆದ ಅಂಕಿಗಳಾ?"

"ಹೌದು ಸಾರ್."

"ಆಗ ನಿಮ್ಮ ಜನಕ್ಕೆ ಬೇರೆ ಕೆಲಸ ಸಿಕ್ತಿತ್ತು, ಇಲ್ಲಿ ಸಿಕ್ಕಿಕೊಂಡದ್ದಕ್ಕೇ ಬಿಟ್ರಿ ಅನ್ನೋದಕ್ಕೆ ಆಧಾರ?"

ಆಗ ಬಂದ ಶಾಲೆ ಕಟ್ಟಡದ ಕೆಲಸವೊಂದನ್ನು ಬೇಡವೆಂದು ಮಾವ ಬರೆದ ಪತ್ರ ಫೈಲಿನಲ್ಲಿತ್ತು. ಅವಳು ಅದರತ್ತ ಕೈ ಚಾಚುವ ಮೊದಲೇ ಮಾವ ಅದನ್ನು ತೆಗೆದು, ಎರಡೂ ಕೈಯಿಂದ, ಮುಂದೆ ಹಿಡಿದಿದ್ದ.